ಮದುವೆ ಸೀಸನ್‌ನ ದುಡ್ಡಿನಲ್ಲಿ ವರ್ಷ ತಳ್ಳುವುದು

ಪ್ರಶ್ನೆ: ನೌಕರಿ ಜೊತೆ ವೀಕೆಂಡ್‌ನಲ್ಲಿ ಮದುವೆ ಫೋಟೋಗ್ರಫಿ ಮಾಡ್ತೀನಿ. ಒಂದು ತಿಂಗಳು 40 ಸಾವಿರ ಬರುತ್ತೆ, ಇನ್ನೊಂದು ತಿಂಗಳು ಸೊನ್ನೆ. ವರ್ಷದ ಸರಾಸರಿ ತೆಗೆದು ಬಜೆಟ್ ಹಾಕಿದ್ರೆ ಸಾಕಾ? ಬಫರ್ ಎಷ್ಟಿರಬೇಕು?

ಸರಾಸರಿ ಬೇಡ. ನಾನು ಅದರಲ್ಲೇ ಸಿಕ್ಕಿಹಾಕಿಕೊಂಡವನು.

2022ರ ಏಪ್ರಿಲ್‌ನಿಂದ ಮುಂದಿನ ಮಾರ್ಚ್‌ವರೆಗೆ ಆಲ್ಬಂ ಪ್ರಿಂಟ್, ಅಸಿಸ್ಟೆಂಟ್ ಕೂಲಿ ಎಲ್ಲ ಕಳೆದು ನನಗೆ ಉಳಿದದ್ದು 2,20,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 18 ಸಾವಿರ ಚಿಲ್ಲರೆ. ಆ ಲೆಕ್ಕದ ಮೇಲೆ 11 ಸಾವಿರದ ಇಎಂಐಗೆ ಕ್ಯಾಮೆರಾ, ಲೆನ್ಸ್ ತೆಗೆದುಕೊಂಡೆ. 7 ಸಾವಿರದ ಚೀಟಿಗೂ ಸೇರಿಕೊಂಡೆ. ಸರಿಯಾಗಿ ಹದಿನೆಂಟು. ಬುದ್ಧಿವಂತ ಅಂದುಕೊಂಡಿದ್ದೆ.

2023ರ ಮೇನಲ್ಲಿ ದುಡ್ಡು ಚೆನ್ನಾಗಿಯೇ ಬಂತು. ಇಎಂಐ, ಚೀಟಿ ಕಟ್ಟಿ ಮಿಕ್ಕಿದ್ದನ್ನು ಲಾಭ ಎಂದು ಖರ್ಚು ಮಾಡಿದೆ. ನನ್ನ ತಪ್ಪು ಇದೇ, ಇಎಂಐ ಅಲ್ಲ. ಮೇನಲ್ಲಿ ಮಿಕ್ಕಿದ್ದು ಲಾಭವಲ್ಲ, ಅದು ಜುಲೈ ತಿಂಗಳ ದುಡ್ಡು, ಬೇಗ ಬಂದಿದೆ ಅಷ್ಟೇ. ಸರಾಸರಿ ಎಂದರೆ ಹೆಚ್ಚು ಬಂದ ತಿಂಗಳು ಕಡಿಮೆ ಬಂದ ತಿಂಗಳಿಗೆ ಕೊಡುತ್ತದೆ ಎಂದು ತಾನೇ? ಆ ಕೊಡುವ ಕೆಲಸವನ್ನು ನಾನು ಮಾಡಲೇ ಇಲ್ಲ. ಮೇಲಾಗಿ ಆ ವರ್ಷ ಆಷಾಢ ಮುಗಿದ ಮರುದಿನವೇ ಅಧಿಕ ಶ್ರಾವಣ ಶುರುವಾಯಿತು. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಒಂದೇ ಒಂದು ಮುಹೂರ್ತವಿಲ್ಲ. ಹಿಂದಿನ ವರ್ಷದ ಸರಾಸರಿಗೆ ಪಂಚಾಂಗ ಏನು ಗೊತ್ತು! ಆಗಸ್ಟ್‌ನಲ್ಲಿ ಇಎಂಐ ಬೌನ್ಸ್ ಆಯಿತು. ಬ್ಯಾಂಕ್ ಒಂದು ದಂಡ ಹಾಕಿತು, ಸಾಲ ಕೊಟ್ಟವರು ಇನ್ನೊಂದು. ಚೀಟಿ ಕಂತಿಗೆ ಹೆಂಡತಿಯ ಹತ್ತಿರ ಕೈ ಚಾಚಿದೆ.

ಆಮೇಲೆ ಕೂತು ಹಳೆಯ ವರ್ಷದ ಲೆಕ್ಕ ತೆಗೆದೆ. ಸಾವಿರದಲ್ಲಿ ಹೇಳುತ್ತೇನೆ. ಏಪ್ರಿಲ್ 30, ಮೇ 45, ಜೂನ್ 18, ಜುಲೈ 0, ಆಗಸ್ಟ್ 8, ಸೆಪ್ಟೆಂಬರ್ 4 (ಪಿತೃಪಕ್ಷ), ಅಕ್ಟೋಬರ್ 6, ನವೆಂಬರ್ 28, ಡಿಸೆಂಬರ್ 22, ಜನವರಿ 3 (ಧನುರ್ಮಾಸ), ಫೆಬ್ರವರಿ 32, ಮಾರ್ಚ್ 24.

ತಿಂಗಳಿಗೆ 18 ತೆಗೆಯುತ್ತೇನೆ ಎಂದುಕೊಳ್ಳಿ. ಜೂನ್ ಮುಗಿಯುವಾಗ, ಒಂದು ರೂಪಾಯಿ ಪೋಲು ಮಾಡದಿದ್ದರೂ, ಕೂಡಿರುವುದು 39. ಜುಲೈಯಿಂದ ಅಕ್ಟೋಬರ್‌ವರೆಗೆ ಕೊರತೆ 18, 10, 14, 12, ಅಂದರೆ 54. ಅಕ್ಟೋಬರ್‌ನಲ್ಲಿ 15 ಸಾವಿರ ಸಾಲ! ವರ್ಷದ ಲೆಕ್ಕ ಸರಿಯಿದ್ದೂ ಅಕ್ಟೋಬರ್‌ನಲ್ಲಿ ಕೈ ಖಾಲಿ. 18ರ ಬದಲು 12 ತೆಗೆದರೆ? ಜೂನ್ ಹೊತ್ತಿಗೆ 57 ಕೂಡಿರುತ್ತದೆ, ಕೊರತೆ ಬರೀ 30.

ಬಫರ್ ಎಷ್ಟು ಎನ್ನುವುದಕ್ಕೆ ನನ್ನ ಲೆಕ್ಕದಲ್ಲಿ ಉತ್ತರ ಆ 30. "ಆರು ತಿಂಗಳ ಖರ್ಚು" ಎನ್ನುವ ಮಾತು ನೌಕರಿ ಹೋದವರಿಗೆ, ಈ ದುಡ್ಡಿಗಲ್ಲ. ನಿಮ್ಮ ಹನ್ನೆರಡು ತಿಂಗಳನ್ನು ಹೀಗೆ ಬರೆದು, ತಿಂಗಳಿಗೆ ತೆಗೆಯುವ ಮೊತ್ತ ಕಳೆಯುತ್ತಾ ಹೋಗಿ. ಕೂಡಿದ್ದು ಇಳಿಯಲು ಶುರುವಾದಲ್ಲಿಂದ ಅತಿ ಆಳಕ್ಕೆ ಎಷ್ಟು ಇಳಿಯುತ್ತದೋ ಅಷ್ಟು ಕೈಯಲ್ಲಿರಬೇಕು. ಅಧಿಕ ಮಾಸ ಸುಮಾರು ಮೂರು ವರ್ಷಕ್ಕೊಮ್ಮೆ ಬರುತ್ತದೆ. ಅದಕ್ಕೆಂದು ಜೂನ್‌ಗೆ 10, ಆಗಸ್ಟ್‌ಗೆ ಸೊನ್ನೆ ಹಾಕಿ ನೋಡಿದೆ, 30 ಹೋಗಿ 40 ಆಯಿತು. ನಾನು ಇಟ್ಟುಕೊಂಡಿರುವುದು 40. 2026ರಲ್ಲಿ ಅಧಿಕ ಜ್ಯೇಷ್ಠ, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಸೀಸನ್ನಿಗೇ ಪೆಟ್ಟು. ಹಾಗಾಗಿ ಆ ವರ್ಷದ ಲೆಕ್ಕವನ್ನು ಬೇರೆಯೇ ಹಾಕಬೇಕು.

ಈಗ ಫೋಟೋ ದುಡ್ಡೆಲ್ಲ ಪ್ರತ್ಯೇಕ ಉಳಿತಾಯ ಖಾತೆಗೆ ಬೀಳುತ್ತದೆ. ಅದಕ್ಕೆ ಕಾರ್ಡ್ ಇಲ್ಲ, ಫೋನ್‌ನ ಯುಪಿಐಗೂ ಜೋಡಿಸಿಲ್ಲ. ಪ್ರತಿ 5ನೇ ತಾರೀಕು 12 ಸಾವಿರ ತಾನಾಗಿಯೇ ಮನೆ ಖಾತೆಗೆ ಹೋಗುತ್ತದೆ. ಮೇನಲ್ಲೂ 12, ಜುಲೈನಲ್ಲೂ 12. ಪಾರ್ಟಿ ಕೊಟ್ಟ ಅಡ್ವಾನ್ಸ್ ಅನ್ನು ಮದುವೆ ಮುಗಿದು ಆಲ್ಬಂ ಲ್ಯಾಬ್‌ಗೆ ದುಡ್ಡು ಕಟ್ಟುವವರೆಗೆ ನನ್ನದೆಂದು ಎಣಿಸುವುದಿಲ್ಲ. ತೆರಿಗೆ ಪಾಲನ್ನೂ ಮೊದಲೇ ಎತ್ತಿಡುತ್ತೇನೆ. ಸಂಬಳದ ಮೇಲೆ ಇದೂ ಸೇರುತ್ತದಲ್ವಾ? ಟಿಡಿಎಸ್ ಕಳೆದ ಮೇಲೂ ಕಟ್ಟಬೇಕಾದ ತೆರಿಗೆ ವರ್ಷಕ್ಕೆ 10 ಸಾವಿರ ಅಥವಾ ಹೆಚ್ಚಿದ್ದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು.

ಬಫರನ್ನು ಚೀಟಿಯಲ್ಲಿ ಇಡಬೇಡಿ. ಆಷಾಢದಲ್ಲೂ ಕಂತು ಕೇಳುವುದು ಬಫರ್ ಹೇಗಾಗುತ್ತದೆ? ಮ್ಯೂಚುವಲ್ ಫಂಡ್, ಷೇರುಗಳಲ್ಲೂ ಬೇಡ, ದುಡ್ಡು ಬೇಕಾದಾಗಲೇ ಬೆಲೆ ಬಿದ್ದಿರುತ್ತದೆ. ಸಾದಾ ಎಫ್‌ಡಿ ಸಾಕು.

ನೀವು ಶುರು ಮಾಡುವುದು ಆಷಾಢದ ಹೊತ್ತಿಗಾದರೆ, ಈ ಖಾತೆಯಿಂದ ನವೆಂಬರ್‌ವರೆಗೆ ಏನೂ ತೆಗೆಯಬೇಡಿ. ಮನೆ ನೌಕರಿಯ ಸಂಬಳದಲ್ಲೇ ನಡೆಯಲಿ. ಆಗದಿದ್ದರೆ ಈಗಾಗಲೇ ಇರುವ ಇಎಂಐ ಜಾಸ್ತಿಯಾಗಿದೆ ಎಂದರ್ಥ, ಮೊದಲು ಅದನ್ನು ತೀರಿಸಿ.