ಗೋಪುರ ಎಣಿಸುವ ಮೊದಲು

"ಸರ್, ರೋಗದ ಜೊತೆ ನಂಟಿರುವ ತಾಣಗಳನ್ನು ಇಡೀ ಜೀನೋಮ್‌ನಲ್ಲಿ ಹುಡುಕುವ ಜಿವಾಸ್ ಅಧ್ಯಯನದ ಮ್ಯಾನ್‌ಹಟನ್ ಚಿತ್ರ ಓದೋದು ಹೇಗೆ ಅಂತ ಲೇಖನ ಬರೆದಿದ್ದೇನೆ. ಅಭ್ಯಾಸಕ್ಕೆಂದು ತಯಾರಿಸಿದ ಡೇಟಾ ಇಟ್ಟುಕೊಂಡು ಚಿತ್ರ ನಾನೇ ತೆಗೆದೆ. 2,000 ರೋಗಿಗಳು, 2,000 ಆರೋಗ್ಯವಂತರು, 5 ಲಕ್ಷ ಸ್ನಿಪ್‌ಗಳು, ಅಂದರೆ ಡಿಎನ್‌ಎಯಲ್ಲಿ ಒಬ್ಬರಿಂದೊಬ್ಬರಿಗೆ ಒಂದಕ್ಷರ ಬದಲಾಗುವ ತಾಣಗಳು. ಚುಕ್ಕೆಗಳ ಏಳು ಗೋಪುರಗಳು ಮಹತ್ವದ ಗೆರೆ ದಾಟಿವೆ. ಫಲಿತಾಂಶ ಒಟ್ಟಾರೆ ಎಷ್ಟು ಉಬ್ಬಿದೆ ಅಂತ ಹೇಳುವ ಲ್ಯಾಂಬ್ಡಾ 1.18 ಬಂತು, ಓದುಗರಿಗೆ ಅದು ಬೇಡ ಅನ್ನಿಸಿ ಬಿಟ್ಟಿದ್ದೇನೆ. ಫಲಿತಾಂಶದ ಫೈಲೂ ಜೊತೆಗಿದೆ. ಪ್ರಕಟಣೆಗೆ ಆಗುತ್ತಾ?"

ಈಗಿರುವ ಹಾಗೆ ಆಗಲ್ಲ. ಭಾಷೆ ಚೆನ್ನಾಗಿದೆ, ತೊಂದರೆ ಅದಲ್ಲ. ನೀವು ಬೇಡ ಅಂತ ಬಿಟ್ಟ ಆ 1.18 ನಿಮ್ಮ ಏಳು ಗೋಪುರಗಳಲ್ಲಿ ಕೆಲವನ್ನು ಬೀಳಿಸುತ್ತದೆ. ಅದನ್ನು ಓದುಗರಿಂದ ಮುಚ್ಚಿಟ್ಟು ಗೋಪುರ ಎಣಿಸೋದು ಸರಿಯಲ್ಲ.

ನಿಮ್ಮ ಎರಡನೇ ಪ್ಯಾರಾ ನೋಡಿ. "ಕೆಳಗಿನ ದಟ್ಟ ಪಟ್ಟಿಯಲ್ಲಿ ನೋಡುವಂಥದ್ದು ಏನೂ ಇಲ್ಲ" ಅಂತ ಬರೆದಿದ್ದೀರಿ. ನನಗೆ ಆ ಸಾಲೇ ಚುಚ್ಚಿದ್ದು. ಚಿತ್ರದಲ್ಲಿ ಒಂದೊಂದು ಚುಕ್ಕೆ ಒಂದೊಂದು ಸ್ನಿಪ್, ಎತ್ತರ ಅಂದರೆ -log10(p) ಅಲ್ವಾ. ಸಂಬಂಧವೇ ಇಲ್ಲದಿದ್ದರೂ ಅಷ್ಟು ಅಥವಾ ಅದಕ್ಕೂ ಹೆಚ್ಚು ವ್ಯತ್ಯಾಸ ಬರೀ ಅದೃಷ್ಟದಿಂದ ಕಾಣುವ ಸಂಭವವೇ ಪಿ. ಪಿ 0.1 ಇದ್ದರೆ ಎತ್ತರ 1. ಯಾವ ಸ್ನಿಪ್‌ಗೂ ರೋಗಕ್ಕೂ ಸಂಬಂಧವೇ ಇಲ್ಲ ಅಂದುಕೊಳ್ಳಿ. ಆಗಲೂ 5 ಲಕ್ಷದಲ್ಲಿ ನಾಲ್ಕೂವರೆ ಲಕ್ಷ ಚುಕ್ಕೆಗಳು 0 ಮತ್ತು 1ರ ನಡುವೆ ಒಂದರ ಮೇಲೊಂದು ಬೀಳುತ್ತವೆ. ನಟ್ಟನಡುವಿನ ಚುಕ್ಕೆಯ ಎತ್ತರ ಬರೀ 0.3. ನಿಮ್ಮ ಚಿತ್ರದ ಎತ್ತರ 20ರವರೆಗೆ ಹೋಗಿದೆ. ಅಂದರೆ ಹೆಚ್ಚುಕಡಿಮೆ ಇಡೀ ಡೇಟಾ ಬುಡದ ಆ ಕಪ್ಪು ಪಟ್ಟಿಯೊಳಗೇ ಇದೆ. ಆ ಪಟ್ಟಿ ಚೂರು ಮೇಲೆದ್ದರೂ ಕಣ್ಣಿಗೆ ಕಾಣಲ್ಲ. ಎದ್ದಿದೆಯೋ ಇಲ್ಲವೋ ಹೇಳೋದು ಲ್ಯಾಂಬ್ಡಾ. ಡೆವ್ಲಿನ್ ಮತ್ತು ರೋಡರ್ 1999ರಲ್ಲಿ ಈ ಅಳತೆಯನ್ನು ಮುಂದಿಟ್ಟರು.

ಲೆಕ್ಕ ಸುಲಭ. ಪ್ರತಿ ಪಿ ಮೌಲ್ಯವನ್ನೂ, ಪಿ ಚಿಕ್ಕದಾದಷ್ಟೂ ದೊಡ್ಡದಾಗುವ ಕೈ-ವರ್ಗ ಅನ್ನುವ ಅಂಕಿಗೆ ತಿರುಗಿಸಿ, ಎಲ್ಲವನ್ನೂ ಸಾಲಾಗಿ ಜೋಡಿಸಿ, ಮಧ್ಯದ್ದನ್ನು ತೆಗೆದುಕೊಳ್ಳಿ. ಸಂಬಂಧವೇ ಇಲ್ಲದಿದ್ದರೆ ಅದು 0.455ರ ಆಸುಪಾಸಿನಲ್ಲಿರಬೇಕು, ಅದರ ಎಷ್ಟು ಪಟ್ಟು ಬಂತು ಅನ್ನೋದೇ ಲ್ಯಾಂಬ್ಡಾ. ನಿಮ್ಮ ಫೈಲ್‌ನ ಮೇಲೆ R ಭಾಷೆಯ ಈ ಸಾಲು ಓಡಿಸಿದೆ:

```
median(qchisq(p, df = 1, lower.tail = FALSE)) / 0.4549
```

ನಿಮ್ಮ ಮಧ್ಯದ ಬೆಲೆ 0.537, ಭಾಗಿಸಿದರೆ 1.18. ಪಿ ಲೆಕ್ಕದಲ್ಲಿ ಹೇಳಿದರೆ ಮಧ್ಯದ ಚುಕ್ಕೆ 0.50ರಲ್ಲಿ ಇರೋದು ಬಿಟ್ಟು 0.46ರಲ್ಲಿದೆ. ಇಷ್ಟೇನಾ ಅನ್ನಿಸಬಹುದು. ಬುಡದಲ್ಲಿ ಇಷ್ಟೇ, ಮೇಲೆ ಹೋದ ಹಾಗೆ ಬೆಳೆಯುತ್ತದೆ. 5 ಲಕ್ಷ ಪರೀಕ್ಷೆಗಳಲ್ಲಿ ಸುಮ್ನೆ ಅದೃಷ್ಟದಿಂದ 4ರ ಎತ್ತರ ದಾಟಬೇಕಾದ್ದು ಸುಮಾರು 50 ಚುಕ್ಕೆಗಳು. ಎಲ್ಲ ಕೈ-ವರ್ಗಗಳೂ 1.18 ಪಟ್ಟು ಉಬ್ಬಿದರೆ ಅದು ಸುಮಾರು 170 ಆಗುತ್ತದೆ. ನಿಮ್ಮ ಫೈಲ್‌ನಲ್ಲಿ ಎಣಿಸಿದೆ, 183 ಇವೆ. ಅಂದರೆ 4 ದಾಟಿದ ಗುಂಪಿನ ಬಹುಪಾಲು ಬರೀ ಈ ಉಬ್ಬರದಿಂದಲೇ ಬಂದಿರಬಹುದು.

ಇದನ್ನು ಕಣ್ಣಿಗೆ ತೋರಿಸುವ ಚಿತ್ರ ಕ್ಯೂ-ಕ್ಯೂ. ಅಡ್ಡಕ್ಕೆ ನಿರೀಕ್ಷೆಯ -log10(p), ಉದ್ದಕ್ಕೆ ನಿಮಗೆ ಸಿಕ್ಕಿದ್ದು, ನಡುವೆ ಓರೆ ಗೆರೆ. ಗೆರೆ ಬಿಟ್ಟು ಚುಕ್ಕೆಗಳು ಮೇಲೆದ್ದವಾ ಅಂತ ಮಾತ್ರ ಕೇಳಬೇಡಿ, ಎಲ್ಲಿಂದ ಎದ್ದವು ಅಂತ ಕೇಳಿ. ಒಳ್ಳೆಯ ಅಧ್ಯಯನದಲ್ಲಿ ಅವು ಗೆರೆಗೆ ಅಂಟಿಕೊಂಡೇ ಬಂದು ಕೊನೆಯಲ್ಲಿ ಬಾಲದ ಹಾಗೆ ಮೇಲೇಳುತ್ತವೆ. ಆ ಬಾಲ ನಿಜವಾದ ಸಂಬಂಧಗಳದ್ದಿರಬಹುದು. ನಿಮ್ಮದರಲ್ಲಿ ನಿರೀಕ್ಷೆ 2 ಇರುವ ಕಡೆ 2.3 ಇದೆ, 3ರ ಕಡೆ ಸುಮಾರು 3.5. ಅಂದರೆ ಬುಡದಿಂದಲೇ ಬಿಟ್ಟುಕೊಂಡಿದೆ.

ಯಾಕೆ ಹೀಗಾಗುತ್ತದೆ ಅನ್ನೋದು ನಿಮ್ಮ ಲೇಖನದಲ್ಲಿ ಒಂದಕ್ಷರವೂ ಇಲ್ಲ. ನಾನಾಗಿದ್ದರೆ ಅರ್ಧ ಲೇಖನ ಅದಕ್ಕೇ ಕೊಡುತ್ತಿದ್ದೆ. ಎರಡು ಮೂಲದ ಜನ ಬೆರೆತಿದ್ದಾರೆ ಅನ್ನಿ. ಒಂದು ಸ್ನಿಪ್‌ನ ಒಂದು ರೂಪ ಮೊದಲ ಗುಂಪಿನಲ್ಲಿ ಶೇ. 20, ಎರಡನೆಯದರಲ್ಲಿ ಶೇ. 60. ರೋಗಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆದರೆ ರೋಗಿಗಳಲ್ಲಿ ಮೊದಲ ಗುಂಪಿನವರು ಶೇ. 70, ಆರೋಗ್ಯವಂತರಲ್ಲಿ ಶೇ. 50. ಈಗ ಕೂಡಿಸಿ. ರೋಗಿಗಳಲ್ಲಿ ಆ ರೂಪ ಶೇ. 32, ಆರೋಗ್ಯವಂತರಲ್ಲಿ ಶೇ. 40. ನಿಮ್ಮಷ್ಟೇ ಜನರಿದ್ದರೆ ಈ ಎಂಟರ ವ್ಯತ್ಯಾಸ ಕೈ-ವರ್ಗವನ್ನು 55ರ ಹತ್ತಿರ ಒಯ್ಯುತ್ತದೆ. ಗೆರೆ ದಾಟಲು 30 ಸಾಕು! ಇಷ್ಟು ದೊಡ್ಡ ಅಂತರವಿರುವ ಸ್ನಿಪ್‌ಗಳು ಕಮ್ಮಿ, ಅವು ಸುಳ್ಳು ಗೋಪುರ ಕಟ್ಟುತ್ತವೆ. ಸಣ್ಣ ಅಂತರದವು ಲಕ್ಷಗಟ್ಟಲೆ, ಅವು ನೆಲವನ್ನೇ ಒಂಚೂರು ಎತ್ತುತ್ತವೆ.

ನಿಜವಾಗಿ ನಡೆದದ್ದೇ ಬೇಕಿದ್ದರೆ 2005ರಲ್ಲಿ ಯುರೋಪ್ ಮೂಲದ ಅಮೆರಿಕನ್ನರ ಮೇಲೆ ಬಂದ ಅಧ್ಯಯನ ಇದೆ. ಹಾಲಿನ ಸಕ್ಕರೆ ಅರಗಿಸುವ LCT ಜೀನ್‌ನ ಒಂದು ರೂಪಕ್ಕೂ ಜನರ ಮೈ ಎತ್ತರಕ್ಕೂ ಜೋರು ಸಂಬಂಧ ಕಂಡಿತ್ತು. ಯುರೋಪಿನ ಬೇರೆ ಬೇರೆ ಭಾಗಗಳಲ್ಲಿ ಆ ರೂಪವೂ ಎತ್ತರವೂ ಬೇರೆ ಬೇರೆ. ಅಜ್ಜ-ಅಜ್ಜಿಯರ ಮೂಲ ನೋಡಿ ಜನರನ್ನು ಹೊಂದಿಸಿದಾಗ ಆ ಸಂಬಂಧ ತುಂಬಾ ಇಳಿದುಹೋಯಿತು. ಇದನ್ನು ಹಾಕಿ, ಓದುಗರು ಮರೆಯಲ್ಲ.

ಈಗ ನಿಮ್ಮ ಗೋಪುರಗಳು. ಅತಿ ಗಿಡ್ಡದ್ದರ ಪಿ 3×10⁻⁸, ಎತ್ತರ 7.5. ಗೆರೆ 5×10⁻⁸, ಅಂದರೆ 7.3. ಅದರ ಕೈ-ವರ್ಗವನ್ನು 1.18ರಿಂದ ಭಾಗಿಸಿದರೆ ಎತ್ತರ 6.5ಕ್ಕೆ ಇಳಿಯುತ್ತದೆ. ಹೀಗೆ ಮೂರು ಗೋಪುರಗಳು ಗೆರೆಯ ಕೆಳಗೆ ಹೋದವು. ಹಾಗಂತ ಭಾಗಿಸಿ ಕೈ ತೊಳೆದುಕೊಳ್ಳಬೇಡಿ. ಭಾಗಾಕಾರ ಎಲ್ಲರಿಗೂ ಒಂದೇ ದಂಡ ಹಾಕುತ್ತದೆ. LCT ಥರದ ಸ್ನಿಪ್‌ಗೆ ಅದು ಸಾಲದು, ತಪ್ಪೇ ಇಲ್ಲದ್ದಕ್ಕೆ ಜಾಸ್ತಿಯಾಯಿತು. ಜನರ ಮೂಲವನ್ನು ಹಿಡಿಯುವ ಪ್ರಧಾನ ಘಟಕಗಳನ್ನು, ಮೊದಲ ಹತ್ತನ್ನಾದರೂ, ಮಾದರಿಯೊಳಗೆ ಸೇರಿಸಿ ಮತ್ತೆ ಓಡಿಸಿ.

ಒಂದು ಎಚ್ಚರಿಕೆ. 1ಕ್ಕಿಂತ ದೊಡ್ಡ ಲ್ಯಾಂಬ್ಡಾ ಎಲ್ಲವೂ ತಪ್ಪಿನ ಲಕ್ಷಣ ಅಂತ ಬರೆದುಬಿಡಬೇಡಿ. ಮೈ ಎತ್ತರದಂಥ ಗುಣಕ್ಕೆ ಸಾವಿರಾರು ಜೀನ್ ತಾಣಗಳು ಒಂದೊಂದು ಚೂರು ಕೊಡುತ್ತವೆ. ಲಕ್ಷಾಂತರ ಜನರನ್ನು ಸೇರಿಸಿದಾಗ ಆ ಚೂರುಗಳೂ ನೆಲವನ್ನು ಎತ್ತುತ್ತವೆ, ಅಲ್ಲಿ ಮೋಸವಿಲ್ಲ. ಎರಡನ್ನೂ ಬೇರ್ಪಡಿಸಲು 2015ರಲ್ಲಿ ಎಲ್‌ಡಿ ಸ್ಕೋರ್ ರಿಗ್ರೆಶನ್ ಬಂತು. ಸುತ್ತ ಹೆಚ್ಚು ಸ್ನಿಪ್‌ಗಳ ಜೊತೆ ನಂಟಿರುವ ಸ್ನಿಪ್‌ಗೆ ನಿಜವಾದ ಚೂರುಗಳು ಹೆಚ್ಚು ಸಿಗುತ್ತವೆ. ಮೂಲದ ಬೆರಕೆಯಿಂದ ಬಂದ ಉಬ್ಬರ ಆ ನಂಟನ್ನು ಅಷ್ಟಾಗಿ ನೋಡಲ್ಲ. ಆದರೆ ನಿಮ್ಮಲ್ಲಿ ಇರೋದು 4,000 ಜನ. ಇಷ್ಟಕ್ಕೇ 1.18 ಬಂದಾಗ ನಾನು ಮೊದಲು ಬೆರಕೆಯನ್ನೇ ಅನುಮಾನಿಸುತ್ತೇನೆ.

ಹನ್ನೊಂದನೇ ವರ್ಣತಂತುವಿನ ಮೇಲೆ 9ರ ಎತ್ತರದಲ್ಲಿ ಒಂದೇ ಒಂದು ಚುಕ್ಕೆ ನಿಂತಿದೆ, ಕೆಳಗೆ ಒಂದು ಮೆಟ್ಟಿಲೂ ಇಲ್ಲ. ನೀವು ಅದನ್ನೂ ಗೋಪುರ ಅಂದಿದ್ದೀರಿ. ಅಕ್ಕಪಕ್ಕದ ಸ್ನಿಪ್‌ಗಳು ಒಟ್ಟಿಗೇ ಸಾಗುವುದರಿಂದ ನಿಜವಾದ ಗುರುತು ಸಾಮಾನ್ಯವಾಗಿ ಗುಂಪಾಗಿ ಏರುತ್ತದೆ. ಒಂಟಿ ಚುಕ್ಕೆ ಬಹುಪಾಲು ಆ ಸ್ನಿಪ್ಪನ್ನು ಓದುವಾಗ ಆದ ತಪ್ಪು. ಪಟ್ಟಿಯಿಂದ ತೆಗೆಯಿರಿ, ಇಲ್ಲವೇ ಜೀನೋಟೈಪ್ ಗುಂಪುಗಳ ಚಿತ್ರ ತೋರಿಸಿ.

ಮರಳಿ ಕಳಿಸುವಾಗ ಮ್ಯಾನ್‌ಹಟನ್ ಮತ್ತು ಕ್ಯೂ-ಕ್ಯೂ ಎರಡೂ ಇರಲಿ, ಘಟಕ ಸೇರಿಸುವ ಮೊದಲು ಮತ್ತು ನಂತರ. ಎರಡೂ ಲ್ಯಾಂಬ್ಡಾ ಚಿತ್ರದ ಮೂಲೆಯಲ್ಲೇ ಬರೆಯಿರಿ. ಸೇರಿಸಿದ ಮೇಲೂ 1.1ಕ್ಕಿಂತ ಕೆಳಗೆ ಇಳಿಯದಿದ್ದರೆ ಹಾಗೇ ಕಳಿಸಿ. ಆಗ ರೋಗಿಗಳನ್ನೂ ಆರೋಗ್ಯವಂತರನ್ನೂ ಸ್ನಿಪ್ ಓದುವ ಒಂದೇ ಚಿಪ್‌ನಲ್ಲಿ ಓದಿದ ಹಾಗೆ ಡೇಟಾ ಮಾಡಿದ್ದಾರಾ ಅಂತ ವಿಚಾರಿಸೋಣ.