ಶಾಟ್ಕಿ ಡಯೋಡಿನ ಗೋಡೆ ಗಿಡ್ಡವಲ್ಲ

"ನಮಸ್ಕಾರ ಸರ್. ಶಾಟ್ಕಿ ಡಯೋಡ್ ಬಗ್ಗೆ ಒಂದು ಲೇಖನ ಕಳಿಸಿದ್ದೇನೆ. ಡಿಪ್ಲೊಮಾ ಓದುವವರಿಗೆ ಅರ್ಥವಾಗಲಿ ಎಂದು ಬರೆದದ್ದು. ಪಿಎನ್ ಡಯೋಡಿನ ಗೋಡೆ 0.7 ವೋಲ್ಟ್ ಎತ್ತರ, ಶಾಟ್ಕಿಯದು ಬರೀ 0.3 ವೋಲ್ಟ್. ಗೋಡೆ ಗಿಡ್ಡ, ಅದಕ್ಕೇ ಎಲೆಕ್ಟ್ರಾನ್‌ಗಳು ಬೇಗ ದಾಟುತ್ತವೆ, ಅದಕ್ಕೇ ಸ್ವಿಚಿಂಗ್ ವೇಗ ಜಾಸ್ತಿ. ಇದು ಲೇಖನದ ತಿರುಳು. ಪ್ರಕಟಿಸಬಹುದಾ? ಇಲ್ಲವಾದರೆ ಎಲ್ಲಿ ತಪ್ಪಿದೆ ಎಂದು ನೇರವಾಗಿ ಹೇಳಿ."

ನಮಸ್ಕಾರ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ವಾಕ್ಯಗಳು ಸರಳವಾಗಿವೆ, ಅವನ್ನು ಮುಟ್ಟಬೇಡಿ. ಆದರೆ ಆ ಎರಡು "ಅದಕ್ಕೇ" ಇವೆಯಲ್ಲ, ಎರಡೂ ತಪ್ಪು. ಲೇಖನ ನಿಂತಿರುವುದೇ ಅವುಗಳ ಮೇಲೆ.

ಮೊದಲು ಗೋಡೆಯ ಎತ್ತರ. 0.3 ವೋಲ್ಟ್ ಎಂಬುದು ನೀವು ಮೀಟರಿನಲ್ಲಿ ಓದಿದ ಫಾರ್ವರ್ಡ್ ಡ್ರಾಪ್. ಅದು ಗೋಡೆಯ ಎತ್ತರವಲ್ಲ. ಎನ್ ಸಿಲಿಕಾನ್ ಮೇಲೆ ಲೋಹ ಕೂರಿಸಿದಾಗ ಸಿಗುವ ಬ್ಯಾರಿಯರ್, ಯಾವ ಲೋಹ ಎನ್ನುವುದರ ಮೇಲೆ, ಸಾಮಾನ್ಯವಾಗಿ 0.5ರಿಂದ 0.85 ಎಲೆಕ್ಟ್ರಾನ್ ವೋಲ್ಟ್‌ವರೆಗೆ ಇರುತ್ತದೆ. ಅಂದರೆ ಗೋಡೆ ಅಷ್ಟೇನೂ ಗಿಡ್ಡವಲ್ಲ. ಹಾಗಿದ್ದರೂ 0.3, 0.4 ವೋಲ್ಟಿಗೇ ಕರೆಂಟ್ ಹೇಗೆ ಹರಿಯುತ್ತದೆ? ಓದುಗರಿಗೆ ನೀವು ಹೇಳಬೇಕಾದ ಕಥೆ ಇದೇ.

ಗೋಡೆಗೆ ಎರಡು ಬದಿ ಇವೆ. ಲೋಹದ ಕಡೆಯಿಂದ ನೋಡಿದರೆ ಅದರ ಎತ್ತರ ಹೆಚ್ಚುಕಡಿಮೆ ಒಂದೇ. ನೀವು ಯಾವ ವೋಲ್ಟೇಜ್ ಕೊಟ್ಟರೂ ಅಷ್ಟಾಗಿ ಬದಲಾಗದು. ಬ್ಯಾರಿಯರ್ ಹೈಟ್ ಎನ್ನುವುದು ಇದಕ್ಕೇ. ಸಿಲಿಕಾನ್ ಕಡೆಯಿಂದ ನೋಡಿದರೆ ಹಾಗಲ್ಲ. ಫಾರ್ವರ್ಡ್ ವೋಲ್ಟೇಜ್ ಕೊಟ್ಟಷ್ಟೂ ಆ ಬದಿಯ ಏರು ತಗ್ಗುತ್ತದೆ. ಸಾಕಷ್ಟು ಶಕ್ತಿ ಇರುವ ಎಲೆಕ್ಟ್ರಾನ್‌ಗಳು ಹತ್ತಿ ಲೋಹಕ್ಕೆ ಇಳಿಯುತ್ತವೆ.

ಪಿಎನ್ ಡಯೋಡಿನಲ್ಲೂ ಹೀಗೆ ಹತ್ತಿ ಇಳಿಯುವುದು ಇದೆ. ಆದರೆ ಅಲ್ಲಿ ಇಳಿದ ಎಲೆಕ್ಟ್ರಾನ್ ಪಿ ಭಾಗದಲ್ಲಿ ಅಲ್ಪಸಂಖ್ಯಾತ. ಅದು ನಿಧಾನವಾಗಿ ಒಳಕ್ಕೆ ಹರಡಿಕೊಂಡು ಹೋಗಬೇಕು. ಮುಂದಿರುವವರು ಸರಿಯದೆ ಹಿಂದಿನವರಿಗೆ ಜಾಗ ಇಲ್ಲ. ಲೋಹದಲ್ಲಿ ಆ ಕಾಯುವಿಕೆಯೇ ಇಲ್ಲ. ಅಲ್ಲಿ ಎಲೆಕ್ಟ್ರಾನ್‌ಗಳದೇ ಹೊಳೆ. ಒಂದು ಕೊಡ ನೀರು ಸುರಿದರೆ ಹೊಳೆಗೆ ಸೇರಿಹೋಗುತ್ತದೆ, ಅಷ್ಟೇ.

ಈಗ ಅಂಕಿ ಹಾಕಿ ನೋಡೋಣ. 0.7 ಎಲೆಕ್ಟ್ರಾನ್ ವೋಲ್ಟ್ ಬ್ಯಾರಿಯರ್ ಇದ್ದರೆ, ಕೋಣೆಯ ಶಾಖದಲ್ಲಿ ಶಾಟ್ಕಿಯ ಸ್ಯಾಚುರೇಶನ್ ಕರೆಂಟ್ ಚದರ ಸೆಂಟಿಮೀಟರಿಗೆ ಸುಮಾರು 17 ಮೈಕ್ರೋ ಆಂಪಿಯರ್ ಬರುತ್ತದೆ. ಸಿಲಿಕಾನ್ ಪಿಎನ್ ಜಂಕ್ಷನ್ನಿಗೆ 10 ಪಿಕೋ ಆಂಪಿಯರ್ ಎಂದು ಇಟ್ಟುಕೊಳ್ಳಿ. ಮೊದಲನೆಯದು ಎರಡನೆಯದರ ಸುಮಾರು 17 ಲಕ್ಷ ಪಟ್ಟು. ಡಯೋಡಿನಲ್ಲಿ ಕರೆಂಟ್ ಹತ್ತು ಪಟ್ಟು ಆಗಲು ಸುಮಾರು 60 ಮಿಲಿವೋಲ್ಟ್ ಬೇಕು, ಅಲ್ವಾ? 17 ಲಕ್ಷ ಎಂದರೆ ಆರು ಬಾರಿ ಹತ್ತು ಪಟ್ಟು, ಮೇಲೆ ಸ್ವಲ್ಪ. ಅಂದರೆ ಎರಡರ ಡ್ರಾಪಿನ ನಡುವೆ 0.37 ವೋಲ್ಟ್ ಅಂತರ. ಚದರ ಸೆಂಟಿಮೀಟರಿಗೆ 100 ಆಂಪಿಯರ್ ಹರಿಸಲು ಪಿಎನ್ 0.77 ವೋಲ್ಟ್ ಕೇಳಿದರೆ ಶಾಟ್ಕಿ 0.40 ವೋಲ್ಟಿಗೆ ಒಪ್ಪುತ್ತದೆ. ನಿಮ್ಮ ಲೇಖನದಲ್ಲಿ ಬೇಕಿರುವುದು ಈ ಲೆಕ್ಕ. ಗೋಡೆಯ ಚಿತ್ರವೊಂದೇ ಸಾಲದು.

ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಅದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಲೋಹ ಬದಲಿಸಿ ಬ್ಯಾರಿಯರನ್ನು 0.1 ಇಳಿಸಿದರೆ ಡ್ರಾಪ್ ಕೂಡ 0.1 ವೋಲ್ಟ್ ಇಳಿಯುತ್ತದೆ. ಜೊತೆಗೆ ರಿವರ್ಸ್ ಲೀಕೇಜ್ ಸುಮಾರು 48 ಪಟ್ಟು ಏರುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಸಿಗುವುದಿಲ್ಲ. 1N5819 ಶಾಟ್ಕಿಯ ಡೇಟಾಶೀಟ್ ತೆಗೆಯಿರಿ. 40 ವೋಲ್ಟಿನಲ್ಲಿ ಲೀಕೇಜ್ ಗರಿಷ್ಠ 25 ಡಿಗ್ರಿಗೆ 1 ಮಿಲಿ ಆಂಪಿಯರ್, 100 ಡಿಗ್ರಿಗೆ 10 ಮಿಲಿ ಆಂಪಿಯರ್ ಎಂದಿದೆ. 40 ವೋಲ್ಟ್, 10 ಮಿಲಿ ಆಂಪಿಯರ್ ಎಂದರೆ 0.4 ವ್ಯಾಟ್, ಅದೂ ಡಯೋಡ್ ಆಫ್ ಆಗಿರುವಾಗ. ಬಿಸಿಯಾದಷ್ಟೂ ಲೀಕೇಜ್ ಜಾಸ್ತಿ, ಲೀಕೇಜ್ ಜಾಸ್ತಿಯಾದಷ್ಟೂ ಬಿಸಿ. ಗಾಳಿ ಆಡದ ಡಬ್ಬಿಯೊಳಗೆ ಇದು ಕೈ ಮೀರಿ ಹೋಗಬಹುದು. "ಎಲ್ಲೆಡೆ ಶಾಟ್ಕಿ ಬಳಸಿ" ಎಂಬ ನಿಮ್ಮ ಕೊನೆಯ ಪ್ಯಾರಾ ತೆಗೆದುಬಿಡಿ. 230 ವೋಲ್ಟ್ ಮೇನ್ಸ್‌ನ ತುದಿ 325 ವೋಲ್ಟ್. ಅಲ್ಲಿ 40 ವೋಲ್ಟಿನ ಡಯೋಡ್ ಹಾಕಿ ಯಾರಾದರೂ ಸುಟ್ಟುಕೊಂಡರೆ ಆ ಹೊಣೆ ನಮ್ಮದು.

ಇನ್ನು ಎರಡನೆಯ "ಅದಕ್ಕೇ". ಡ್ರಾಪ್ ಕಡಿಮೆ ಇರುವುದರಿಂದ ವೇಗ ಬರುವುದಿಲ್ಲ. UF4007 ನೋಡಿ. ಅದು ಪಿಎನ್ ಡಯೋಡೇ. 1 ಆಂಪಿಯರಿಗೆ ಡ್ರಾಪ್ ಗರಿಷ್ಠ 1.7 ವೋಲ್ಟ್, ಆಫ್ ಆಗಲು ಬೇಕಾದ ಹೊತ್ತು, ಅಂದರೆ ರಿಕವರಿ, 75 ನ್ಯಾನೋಸೆಕೆಂಡ್. 1N4007 ಕೂಡ ಪಿಎನ್, ಅದರ ಡ್ರಾಪ್ ಇದಕ್ಕಿಂತ ಕಡಿಮೆ, ಆದರೆ ಅದು ಆಫ್ ಆಗಲು ಮೈಕ್ರೋಸೆಕೆಂಡುಗಳು ಬೇಕು. ಸಿಲಿಕಾನ್ ಕಾರ್ಬೈಡ್ ಶಾಟ್ಕಿಯ ಬ್ಯಾರಿಯರ್ 1 ಎಲೆಕ್ಟ್ರಾನ್ ವೋಲ್ಟ್ ದಾಟುತ್ತದೆ, ಡ್ರಾಪ್ 1.5 ವೋಲ್ಟ್ ಆಸುಪಾಸು. ಆದರೂ ಅದಕ್ಕೆ ರಿಕವರಿ ಇಲ್ಲವೆಂದೇ ಹೇಳಬಹುದು. 600 ವೋಲ್ಟಿನ ಕೆಲಸಕ್ಕೆ ಅದನ್ನು ಆರಿಸುವುದೇ ಈ ಗುಣಕ್ಕಾಗಿ.

ವೇಗ ಬರುವುದು ಒಳಗೆ ಸರಕು ಉಳಿಯದಿರುವುದರಿಂದ. ಪಿಎನ್ ಡಯೋಡ್ ಆನ್ ಇದ್ದಾಗ ಜಂಕ್ಷನ್ನಿನ ಎರಡೂ ಬದಿಗೆ ಅಲ್ಪಸಂಖ್ಯಾತ ಕಣಗಳು ತುಂಬಿರುತ್ತವೆ. ವೋಲ್ಟೇಜ್ ತಿರುಗಿಸಿದ ಕೂಡಲೇ ಅದು ಮುಚ್ಚಿಕೊಳ್ಳುವುದಿಲ್ಲ. ಸಂತೆಯಲ್ಲಿ ಜನ ಖಾಲಿಯಾಗದೆ ಗೇಟು ಹಾಕಲು ಆಗುವುದಿಲ್ಲವಲ್ಲ, ಹಾಗೆ. ಅಷ್ಟು ಹೊತ್ತೂ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ಶಾಟ್ಕಿಯಲ್ಲಿ ಲೋಹಕ್ಕೆ ಇಳಿದ ಎಲೆಕ್ಟ್ರಾನ್ ಕ್ಷಣದಲ್ಲೇ ತನ್ನ ಹೆಚ್ಚಿನ ಶಕ್ತಿ ಕಳೆದುಕೊಂಡು ಹೊಳೆಯ ಪಾಲಾಗಿರುತ್ತದೆ. ವಾಪಸ್ ಬರಲು ಅದು ಪೂರ್ತಿ ಗೋಡೆ ಹತ್ತಬೇಕು. ಉಳಿಯುವುದು ಜಂಕ್ಷನ್ನಿನ ಕೆಪಾಸಿಟನ್ಸ್ ಮಾತ್ರ.

ನೀವು ಒಂದೇ ಸಾಲಿನಲ್ಲಿ ಮುಗಿಸಿದ ಬಕ್ ಕನ್ವರ್ಟರ್ ಇದೆಯಲ್ಲ, ಅದನ್ನು ಎಳೆದು ಬರೆಯಿರಿ. ನಾನೊಮ್ಮೆ LM2596 ಬಕ್ ಬೋರ್ಡಿನಲ್ಲಿ ಕೆಟ್ಟುಹೋಗಿದ್ದ SS34 ಶಾಟ್ಕಿ ತೆಗೆದು, ಕೈಗೆ ಸಿಕ್ಕ 1N4007 ಹಾಕಿದ್ದೆ. 12 ವೋಲ್ಟ್ ಒಳಗೆ, 5 ವೋಲ್ಟ್ ಹೊರಗೆ. ಲೋಡ್ ಹಾಕಿದ ಸ್ವಲ್ಪ ಹೊತ್ತಿಗೆ ಐಸಿ ಮುಟ್ಟಲಾಗದಷ್ಟು ಸುಡುತ್ತಿತ್ತು. ಐಸಿಯೇ ಕೆಟ್ಟಿದೆ ಎಂದು ಅದನ್ನೂ ಬದಲಿಸಿದೆ, ಪ್ರಯೋಜನ ಆಗಲಿಲ್ಲ. ಲೆಕ್ಕ ಹಾಕಿದ್ದರೆ ಕೂಡಲೇ ಗೊತ್ತಾಗುತ್ತಿತ್ತು. ಆ ಐಸಿ 150 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಒಂದು ಸುತ್ತಿಗೆ 6.7 ಮೈಕ್ರೋಸೆಕೆಂಡ್. ಅದರಲ್ಲಿ ಸ್ವಿಚ್ ಆನ್ ಇರುವುದು ಸುಮಾರು 2.8 ಮೈಕ್ರೋಸೆಕೆಂಡ್. ಡಯೋಡಿಗೆ ಖಾಲಿಯಾಗಲು 2 ಮೈಕ್ರೋಸೆಕೆಂಡ್ ಬೇಕಾದರೆ, ಅಷ್ಟು ಹೊತ್ತು 12 ವೋಲ್ಟ್ ನೇರವಾಗಿ ಐಸಿಯ ಸ್ವಿಚ್ ಮತ್ತು ಡಯೋಡ್ ಮೂಲಕ ಗ್ರೌಂಡಿಗೆ ಇಳಿಯುತ್ತದೆ. ಹೆಚ್ಚುಕಡಿಮೆ ಶಾರ್ಟ್.

ಬರೀ ಡ್ರಾಪಿನ ನಷ್ಟ ನೋಡಿದರೆ ಅಂತಹ ವ್ಯತ್ಯಾಸ ಕಾಣುವುದಿಲ್ಲ. 1 ಆಂಪಿಯರ್ ಲೋಡಿಗೆ ಡಯೋಡ್ ಶೇಕಡಾ 58ರಷ್ಟು ಹೊತ್ತು ಕರೆಂಟ್ ಹೊರುತ್ತದೆ. ಡ್ರಾಪ್ 0.4 ವೋಲ್ಟ್ ಆದರೆ ಕಾಲು ವ್ಯಾಟಿನಷ್ಟು, 0.9 ಆದರೆ ಅರ್ಧ ವ್ಯಾಟಿನಷ್ಟು ನಷ್ಟ. ಐಸಿ ಸುಡುವುದು ಇದರಿಂದಲ್ಲ, ರಿಕವರಿಯಿಂದ. ಡ್ರಾಪ್ ಬೇರೆ, ವೇಗ ಬೇರೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಾಗಿ ತಲೆಬರಹದ ಕೆಳಗಿನ ಗೋಡೆಯ ಚಿತ್ರ ತೆಗೆದು, ಈ ಬೋರ್ಡಿನಿಂದ ಶುರು ಮಾಡಿ. ಬರೆಯುವ ಮುಂಚೆ 1N4007, UF4007, 1N5819 ಮೂರನ್ನೂ ಮಲ್ಟಿಮೀಟರಿನ ಡಯೋಡ್ ಮೋಡಿನಲ್ಲಿ ಅಳೆಯಿರಿ. ಶಾಟ್ಕಿ 0.2 ಆಸುಪಾಸು ತೋರಿಸುತ್ತದೆ, ಉಳಿದೆರಡು 0.5 ಆಸುಪಾಸು ಅಥವಾ ಸ್ವಲ್ಪ ಮೇಲೆ. ಆ ಎರಡರಲ್ಲಿ ಯಾವುದು ವೇಗದ್ದು ಎಂದು ಮೀಟರ್ ಹೇಳುವುದಿಲ್ಲ. ನಿಮಗೆ ಸಿಕ್ಕ ಅಂಕಿಗಳನ್ನೇ ಲೇಖನದಲ್ಲಿ ಹಾಕಿ ಕಳಿಸಿ, ಮತ್ತೆ ಓದುತ್ತೇನೆ.