ಬಾಡಿಗೆ ಮನೆಯನ್ನು ವಿಡಿಯೋ ಕಾಲ್‌ನಲ್ಲಿ ನೋಡುವುದು

ಪ್ರಶ್ನೆ: ನಾನು ಮೈಸೂರಿನಲ್ಲಿದ್ದೇನೆ, ಧಾರವಾಡಕ್ಕೆ ವರ್ಗವಾಗಿದೆ. ಅಲ್ಲಿಗೆ ಬರುವ ಮೊದಲು ಮನೆಯ ವಿಡಿಯೋ ಕಳಿಸಿ ಎಂದು ಮಾಲೀಕರನ್ನು ಕೇಳಿದರೆ ತಪ್ಪು ತಿಳಿಯುತ್ತಾರಾ? ಏನೇನು ತೋರಿಸಲು ಹೇಳಬೇಕು?

ಧಾರಾಳವಾಗಿ ಕೇಳಿ. ಆದರೆ ‘ವಿಡಿಯೋ ಕಳಿಸಿ’ ಎನ್ನಬೇಡಿ, ‘ವಿಡಿಯೋ ಕಾಲ್ ಮಾಡಿ ತೋರಿಸಿ’ ಎನ್ನಿ. ಈ ವ್ಯತ್ಯಾಸ ನನಗೆ ತಿಳಿದದ್ದು ಒಂದು ಮಳೆಗಾಲವನ್ನು ಕಷ್ಟದಲ್ಲಿ ಕಳೆದ ಮೇಲೆ.

2021ರಲ್ಲಿ ನಾನೂ ಮೈಸೂರಿನಿಂದಲೇ ಧಾರವಾಡಕ್ಕೆ ಬಂದೆ. ಮಾಲೀಕರು ವಾಟ್ಸಾಪ್‌ನಲ್ಲಿ ಎರಡು ನಿಮಿಷದ ವಿಡಿಯೋ ಕಳಿಸಿದ್ದರು. ಪಡಸಾಲೆ ಹಗಲಿನ ಬೆಳಕಲ್ಲಿ ಹೊಳೆಯುತ್ತಿತ್ತು, ಗೋಡೆಗಳು ಹೊಸ ಬಣ್ಣದಲ್ಲಿದ್ದವು. ನೋಡಿ ಒಪ್ಪಿ ಅಡ್ವಾನ್ಸ್ ಕೊಟ್ಟೆವು. ಜುಲೈ ಎರಡನೇ ವಾರಕ್ಕೆ ಮಲಗುವ ಕೋಣೆಯ ಪಶ್ಚಿಮದ ಗೋಡೆ ಮೊಳಕಾಲೆತ್ತರದವರೆಗೆ ಒದ್ದೆಯಾಗಿ, ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಮಗಳಿಗೆ ಕೆಮ್ಮು ಹಿಡಿದು ಗಣೇಶ ಚೌತಿಯವರೆಗೂ ಬಿಡಲಿಲ್ಲ. ಆ ವಿಡಿಯೋ ಬೇಸಿಗೆಯದು ಎಂದು ಮಾಲೀಕರೇ ಆಮೇಲೆ ಹೇಳಿದರು. ಅವರು ಸುಳ್ಳು ಹೇಳಿರಲಿಲ್ಲ. ಯಾವ ತಿಂಗಳಲ್ಲಿ ತೆಗೆದದ್ದು ಎಂದು ನಾನೂ ಕೇಳಿರಲಿಲ್ಲ.

ಧಾರವಾಡ ಮಲೆನಾಡಿನ ಅಂಚಿನ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಗಾಳಿಯ ಜೊತೆ ಪಶ್ಚಿಮದಿಂದ ಹೊಡೆಯುತ್ತದೆ. ಹಾಗಾಗಿ ಎರಡು ವರ್ಷದ ಮೇಲೆ ಮನೆ ಬದಲಿಸುವಾಗ ಬೇಸಿಗೆ ರಜೆಗೆ ಮೈಸೂರಿಗೆ ಹೋಗಿದ್ದ ನಾವು ಅಲ್ಲಿಂದಲೇ ಕಾಲ್ ಮಾಡಿ ಮೊದಲು ಕೇಳಿದ್ದು ಮನೆಯ ಯಾವ ಗೋಡೆ ಪಶ್ಚಿಮಕ್ಕಿದೆ ಎಂದು. ಮಾಲೀಕರು ನಿವೃತ್ತ ಮೇಷ್ಟ್ರು. ಆಮೇಲೆ ನಾನು ಹೇಳಿದ್ದು ಇಷ್ಟೇ: “ಸರ್, ನಾವು ನಾಲ್ಕು ಜನ ಮೈಸೂರಿನಿಂದ ರಾತ್ರಿ ರೈಲಿಗೆ ಬರಬೇಕು. ಹಗಲಿನಲ್ಲಿ ಹತ್ತು ನಿಮಿಷ ವಿಡಿಯೋ ಕಾಲ್ ಮಾಡಿ ಮನೆ ತೋರಿಸಿದರೆ, ಹಿಡಿಸಿದಲ್ಲಿ ಶನಿವಾರವೇ ಬಂದು ಮಾತು ಮುಗಿಸುತ್ತೇವೆ.” ಮೊದಲು ಅವರಿಗೆ ಸರಿ ಕಾಣಲಿಲ್ಲ. “ಅಲ್ರೀ, ವಿಡಿಯೋದಾಗ ಏನ್ ತಿಳೀತೈತ್ರಿ? ಒಮ್ಮೆ ಬಂದ ನೋಡ್ರಿ, ಚಾ ಕುಡದ ಹೋಗ್ರಿ” ಎಂದರು. ಈ ಭಾಗದಲ್ಲಿ ಹಿರಿಯರು ಹಾಗೆ ಹೇಳಿದರೆ ಅದು ನಿರಾಕರಣೆಯಲ್ಲ, ಮನೆಗೆ ಕರೆಯುವ ರೀತಿ. “ಬಂದೇ ಬರ್ತೀವಿ ಸರ್, ಅದಕ್ಕೂ ಮೊದಲು ಮನೆಯಲ್ಲಿ ಒಮ್ಮೆ ತೋರಿಸಬೇಕು, ಹೆಂಡತಿಗೂ ನೋಡಿದ ಹಾಗೆ ಆಗುತ್ತದೆ” ಎಂದೆ. ಒಪ್ಪಿದರು. ಮೊಮ್ಮಗ ಫೋನ್ ಹಿಡಿದ.

ಕಾಲ್ ಮನೆಯೊಳಗಿನಿಂದ ಶುರುವಾಗುವುದು ಬೇಡ. ರಸ್ತೆಯಲ್ಲಿ ನಿಂತು ಗೇಟಿನಿಂದ ಬರಲಿ. ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇದೆಯೇ, ಅಕ್ಕಪಕ್ಕ ಏನಿದೆ ಎನ್ನುವುದು ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಮನೆ ನಿಜವಾಗಿ ಆ ಜಾಗದಲ್ಲಿದೆ ಎನ್ನುವುದು ಖಾತ್ರಿಯಾಗುತ್ತದೆ. ಕಾಲ್ ಕಟ್ ಆಗದೆ ಒಂದೇ ಓಟದಲ್ಲಿ ಒಳಗೆ ಹೋಗಬೇಕು. ನೆಟ್‌ವರ್ಕ್ ಹೋಗಿ ಕಟ್ಟಾದರೆ ಮತ್ತೆ ಅದೇ ಕೋಣೆಯಿಂದ ಮುಂದುವರಿಸಲು ಹೇಳಿ.

ಕೋಣೆಯಲ್ಲಿ ಫೋನನ್ನು ನೆಲದಿಂದ ಮೂರಡಿ ಎತ್ತರದಲ್ಲಿ ಹಿಡಿದು ಪಶ್ಚಿಮದ ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆಯಲು ಹೇಳಿ. ಕೆಳಭಾಗದಲ್ಲಿ ಮಾತ್ರ ಬಣ್ಣ ಬೇರೆ ಛಾಯೆಯಲ್ಲಿದ್ದರೆ, ಅಥವಾ ಬಿಳಿ ಉಪ್ಪಿನ ಪುಡಿ ಎದ್ದಿದ್ದರೆ ಅಲ್ಲಿ ತೇವ ಏರುತ್ತದೆ. ನೇರವಾಗಿ ನೋಡಿದರೆ ಉಬ್ಬು ಕಾಣುವುದಿಲ್ಲ. ಮೇಲಿನ ಲೈಟ್ ಆರಿಸಿ, ಇನ್ನೊಂದು ಫೋನಿನ ಟಾರ್ಚ್ ಅನ್ನು ಗೋಡೆಗೆ ಒತ್ತಿ ಪಕ್ಕದಿಂದ ಬಿಟ್ಟರೆ ನೆರಳು ಬಿದ್ದು ಕಾಣುತ್ತದೆ. ಆ ಮೊಮ್ಮಗ ಹಾಗೆ ಮಾಡಿದಾಗ ಕಿಟಕಿಯ ಕೆಳಗೆ ಒಂದು ಕಡೆ ಉಬ್ಬಿತ್ತು. ಕೇಳಿದಾಗ ಮೇಷ್ಟ್ರು, “ಹೌದ್ರಿ, ಸಜ್ಜಾದಿಂದ ನೀರ ಇಳೀತಿತ್ತು, ರಿಪೇರಿ ಮಾಡಿಸೇವಿ, ಬಣ್ಣ ಇನ್ನೂ ಹಚ್ಚಿಲ್ಲ” ಎಂದರು. ಒಂದೇ ಜಾಗದಲ್ಲಿ ಮೇಲಿನಿಂದ ಇಳಿದ ನೀರು ರಿಪೇರಿಯಾಗುವ ವಿಷಯ. ಗೋಡೆಯ ಉದ್ದಕ್ಕೂ ಕೆಳಗಿನಿಂದ ಏರುವ ತೇವ ಹಾಗಲ್ಲ, ಅಂಥ ಮನೆ ಬಿಟ್ಟುಬಿಡಿ.

ಕೋಣೆಯ ಅಳತೆಗೆ ಕಣ್ಣನ್ನು ನಂಬಬೇಡಿ. ಫೋನಿನ ಕ್ಯಾಮೆರಾದ ಜೂಮ್ 0.5ಕ್ಕಿಟ್ಟು ತೋರಿಸಿದರೆ ಸಣ್ಣ ಕೋಣೆಯೂ ದೊಡ್ಡದಾಗಿ ಕಾಣುತ್ತದೆ. ನೆಲದ ಟೈಲ್ಸ್ ಎಣಿಸಿ. ಈಚಿನ ಮನೆಗಳಲ್ಲಿ ಸಾಮಾನ್ಯವಾಗಿ ಎರಡಡಿ ಚೌಕದ ಟೈಲ್ಸ್ ಇರುತ್ತವೆ, ಹಳೆಯವುಗಳಲ್ಲಿ ಒಂದಡಿಯದು. ಅನುಮಾನ ಬಂದರೆ ಮೇಲೊಂದು ಎ4 ಹಾಳೆ ಇಡಲು ಹೇಳಿ, ಅದರ ಉದ್ದ ಹೆಚ್ಚುಕಡಿಮೆ ಒಂದಡಿ. ನಮಗೆ ತೋರಿಸಿದ ಕೋಣೆ ಐದು ಟೈಲ್ಸ್ ಉದ್ದ, ನಾಲ್ಕೂವರೆ ಅಗಲ ಇತ್ತು. ಅಂದರೆ ಹತ್ತಡಿಗೆ ಒಂಬತ್ತಡಿ. ಆರೂವರೆ ಅಡಿ ಉದ್ದ, ಐದಡಿ ಅಗಲದ ನಮ್ಮ ಮಂಚ ಇಟ್ಟ ಮೇಲೂ ಕಪಾಟಿನ ಬಾಗಿಲು ತೆರೆಯುತ್ತದೆ ಎಂದು ಮೈಸೂರಿನಲ್ಲೇ ಲೆಕ್ಕ ಹಾಕಿದೆವು.

ಇನ್ನು ನೀರು. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ಬಡಾವಣೆಗಳಿಗೆ ದಿನವಿಡೀ ನೀರು ಬರುತ್ತದೆ, ಬೇರೆ ಕಡೆ ಹಲವು ದಿನಕ್ಕೊಮ್ಮೆ. ‘ನೀರಿನ ತೊಂದರೆ ಇದೆಯಾ’ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ‘ಈ ಸಲ ನಳ ಎಂದು ಬಂದಿತ್ತು, ಅದಕ್ಕೂ ಹಿಂದೆ ಎಂದು?’ ಎಂದು ಕೇಳಿ, ಆಗ ದಿನದ ಲೆಕ್ಕ ಸಿಗುತ್ತದೆ. ಆಮೇಲೆ ಸಂಪಿನ ಮುಚ್ಚಳ ತೆಗೆದು ತೋರಿಸಲು ಹೇಳಿ, ಅಳತೆ ಕೇಳಿ. ಒಂದು ಘನ ಅಡಿಗೆ ಸುಮಾರು 28 ಲೀಟರ್. ಐದಡಿ ಉದ್ದ, ಐದಡಿ ಅಗಲ, ನಾಲ್ಕಡಿ ಆಳದ ಸಂಪಿನಲ್ಲಿ 2,800 ಲೀಟರ್ ನಿಲ್ಲುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ವರಿಗೆ 540, ಅಂದರೆ ಐದು ದಿನಕ್ಕೆ ಸರಿಹೋಗುತ್ತದೆ. ಆದರೆ ಅದೇ ಸಂಪು ಕೆಳಗಿನ ಮನೆಯವರಿಗೂ ಸೇರಿದ್ದಾದರೆ ಎರಡೂವರೆ ದಿನಕ್ಕೇ ಖಾಲಿ. ಬೋರ್ ಇದೆ ಎಂದರೆ ಅದರ ನಳ ಬಿಡಿಸಿ ನೋಡಿ. ಬಕೆಟ್, ಗೀಸರ್‌ನ ಮೇಲೆ ಬಿಳಿ ಪದರ ಕಟ್ಟಿದ್ದರೆ ಗಡಸು ನೀರು. ಬಟ್ಟೆಗೆ ಸೋಪು ಹೆಚ್ಚು ಬೇಕು, ಬೇಳೆ ಬೇಗ ಬೇಯುವುದಿಲ್ಲ.

ದುಡ್ಡಿನ ವಿಷಯ ಚಿಕ್ಕದು, ಆದರೆ ಗಟ್ಟಿಯಾಗಿರಿ. ಕಾಲ್ ಮುಗಿಸುವ ಮುನ್ನ ಕರೆಂಟ್ ಮೀಟರ್ ಮತ್ತು ಹೆಸ್ಕಾಂ ಬಿಲ್ ಎರಡನ್ನೂ ತೋರಿಸಲು ಹೇಳಿ. ಬಿಲ್‌ನ ಆರ್.ಆರ್. ನಂಬರ್ ಮತ್ತು ಮೀಟರ್ ನಂಬರ್ ಆ ಮೀಟರ್‌ಗೇ ಸೇರಿದ್ದೇ, ಬಿಲ್ ಯಾರ ಹೆಸರಿನಲ್ಲಿದೆ ನೋಡಿ. ತೀರಿಹೋದ ತಂದೆಯ ಹೆಸರಿನಲ್ಲೇ ಮುಂದುವರಿದ ಮನೆಗಳು ಎಷ್ಟೋ ಇವೆ, ಅದು ದೋಷವಲ್ಲ, ಕೇಳಿ ತಿಳಿದರೆ ಸಾಕು. ಕಾಲ್‌ಗೆ ಒಪ್ಪದೆ ಬರೀ ವಿಡಿಯೋ ಕಳಿಸಿ, ‘ಬೇರೆಯವರು ಬರ್ತಿದ್ದಾರೆ, ಟೋಕನ್ ಹಾಕಿ’ ಎಂದು ಅವಸರ ಮಾಡುವವರಿಗೆ ಒಂದು ರೂಪಾಯಿಯೂ ಹಾಕಬೇಡಿ. ‘ದುಡ್ಡು ವಾಪಸ್ ಬರಲು ಪಿನ್ ಒತ್ತಿ’ ಎಂದರೆ ಅದು ಮೋಸವೇ, ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ. ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ವಾಸನೆ, ರಾತ್ರಿಯ ಗದ್ದಲ, ಒಳಕೋಣೆಯಲ್ಲಿ ನಿಮ್ಮ ಸಿಮ್‌ನ ಸಿಗ್ನಲ್ ಇವು ವಿಡಿಯೋದಲ್ಲಿ ಸಿಗುವುದಿಲ್ಲ. ಹಾಗಾಗಿ ಅಡ್ವಾನ್ಸ್ ಬಂದು ನೋಡಿದ ದಿನವೇ ಕೊಡುವುದು. ನಾವು ಶನಿವಾರ ಬೆಳಿಗ್ಗೆ ಇಳಿದಾಗ ಮೇಷ್ಟ್ರು ಗೇಟಿನಲ್ಲೇ ನಿಂತಿದ್ದರು. ಕಿಟಕಿಯ ಕೆಳಗಿನ ಆ ಜಾಗ ಮುಟ್ಟಿ ನೋಡಿದೆ, ಒಣಗಿತ್ತು. ಆ ವರ್ಷದ ಜುಲೈನಲ್ಲೂ ಒಣಗಿಯೇ ಇತ್ತು.